ಒಂದು ರಿಂಗ್, ಒಂದು ಟಿಕ್

ಶಿರಸಿ ಕಡೆಯ ಅಡಿಕೆ ತೋಟದವರು, ಅರವತ್ತು ದಾಟಿದ್ದಾರೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಕಾರವಾರದಲ್ಲಿ ಕೆಲಸದಲ್ಲಿರುವ ಮಗಳಿಗೆ ಒಂದು ಸಂಬಂಧದ ವಿಷಯಕ್ಕೆ ದಿನಕ್ಕೆ ಏಳೆಂಟು ಸಲ ಫೋನ್ ಮಾಡುತ್ತಿದ್ದರು. "ತಂಗೀ, ಅವಳು ನನ್ನನ್ನು ಬ್ಲಾಕ್ ಮಾಡಿದ್ದಾಳೋ, ನಮ್ಮೂರ ನೆಟ್‌ವರ್ಕೇ ಹಾಳೋ, ಅಷ್ಟು ಹೇಳು" ಎಂದು ಫೋನನ್ನು ನನ್ನ ಮೇಜಿನ ಮೇಲಿಟ್ಟರು.

ಅವರ ಅನುಮಾನಕ್ಕೆ ಕಾರಣವಿತ್ತು. ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡ ಹತ್ತಿ ಮಾತಾಡಬೇಕು. ಆದರೆ ವಾಟ್ಸಾಪ್ ಮೆಸೇಜ್ ಅವರ ಫೋನಿನಿಂದ ಹೊರಡದಿದ್ದರೆ ಪಕ್ಕದಲ್ಲಿ ಸಣ್ಣ ಗಡಿಯಾರ ಕಾಣಬೇಕಿತ್ತು. ಅಲ್ಲಿದ್ದದ್ದು ಒಂದು ಟಿಕ್. ಅಂದರೆ ಮೆಸೇಜ್ ಹೊರಟಿದೆ, ಮಗಳ ಫೋನಿಗೆ ಮುಟ್ಟಿಲ್ಲ. ಇಷ್ಟರಿಂದಲೇ ಬ್ಲಾಕ್ ಎನ್ನಲಾಗದು. ಫೋನ್ ಆಫ್ ಇದ್ದರೂ, ನೆಟ್ ಇಲ್ಲದಿದ್ದರೂ ಹೀಗೇ ಆಗುತ್ತದೆ. ಮಗಳ ಪ್ರೊಫೈಲ್ ಫೋಟೋ ಮಾಯವಾದದ್ದೂ ಸಾಕ್ಷಿಯಲ್ಲ. ತನ್ನ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆ ಮಾತ್ರ ಫೋಟೋ ಕಾಣಲಿ ಎಂದು ಇಟ್ಟುಕೊಂಡು, ಅಪ್ಪನ ನಂಬರ್ ಅಳಿಸಿದ್ದರೂ ಫೋಟೋ ಕಾಣುವುದಿಲ್ಲ.

ಮನೆಮಂದಿಯ ಗುಂಪೊಂದಿದೆಯಂತೆ. ನಿನ್ನೆ ಅವರು ಅದಕ್ಕೆ ತೋಟದ ಫೋಟೋ ಹಾಕಿದ್ದರು. ಆ ಮೆಸೇಜನ್ನು ಒತ್ತಿಹಿಡಿದು ಮಾಹಿತಿ ತೆರೆದೆ. ಮುಟ್ಟಿದವರ ಪಟ್ಟಿಯಲ್ಲಿ ಮಗಳ ಹೆಸರಿತ್ತು. ಬ್ಲಾಕ್ ಮಾಡಿದವರಿಗೂ ಗುಂಪಿನ ಮೆಸೇಜ್ ಹೋಗುತ್ತದೆ. ಅವಳ ಫೋನಿಗೆ ನೆಟ್ ಇದೆ, ಆದರೂ ನಾಲ್ಕು ದಿನದಿಂದ ಅಪ್ಪನ ಖಾಸಗಿ ಮೆಸೇಜ್ ಮಾತ್ರ ಮುಟ್ಟಿಲ್ಲ. ಮಾಮೂಲಿ ಫೋನ್ ಕರೆಯೂ ಪ್ರತಿ ಸಲ ಒಂದೇ ರಿಂಗಿಗೆ ಕಡಿದು "ಬ್ಯುಸಿ" ಎನ್ನುತ್ತಿತ್ತು. ಕೈಯಾರೆ ಕತ್ತರಿಸಿದರೆ ಒಮ್ಮೆ ಎರಡು ರಿಂಗ್, ಒಮ್ಮೆ ಆರು ರಿಂಗ್ ಎಂದು ಹೆಚ್ಚುಕಡಿಮೆ ಆಗುತ್ತದೆ. ಎರಡನ್ನೂ ಸೇರಿಸಿ ನೋಡಿ, "ಬ್ಲಾಕ್ ಆಗಿರುವುದೇ ಹೆಚ್ಚು ಸಂಭವ" ಎಂದೆ. ನೂರಕ್ಕೆ ನೂರು ಎನ್ನಲಿಲ್ಲ, ಏಕೆಂದರೆ ಬ್ಲಾಕ್ ಮಾಡಿದವರನ್ನು ಕಾಯಲೆಂದು ವಾಟ್ಸಾಪ್ ಇದನ್ನು ಬೇಕೆಂದೇ ಮಬ್ಬಾಗಿ ಇಟ್ಟಿದೆ.

ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಸಿಟ್ಟಿಗೋ, ಸದಾಕಾಲಕ್ಕೋ?" ಎಂದರು. ಅದನ್ನು ಯಾವ ಟಿಕ್ಕೂ ಹೇಳುವುದಿಲ್ಲ. ಪಕ್ಕದ ಮನೆಯವರ ಫೋನಿನಿಂದ ಮಾಡಿ ನೋಡುತ್ತೇನೆ ಎಂದಾಗ ನಾನು ಗಟ್ಟಿಯಾಗಿ ಬೇಡವೆಂದೆ. ಪೂರ್ತಿ ರಿಂಗ್ ಆದರೆ ಈಗ ಗೊತ್ತಿರುವುದಕ್ಕಿಂತ ಹೊಸದೇನೂ ತಿಳಿಯದು. ಅವಳಿಗೆ ಮಾತ್ರ, ಮುಚ್ಚಿದ ಬಾಗಿಲನ್ನು ಅಪ್ಪ ಹಿತ್ತಿಲಿನಿಂದ ತಳ್ಳಿದಂತೆ ಆಗುತ್ತದೆ. ಗುಂಪಿನಲ್ಲೂ ಈ ಮಾತೆತ್ತಬೇಡಿ ಎಂದೆ.

ಬದಲಿಗೆ ಒಂದು ಕಾಗದ ಬರೆಸಿದೆ: "ಸಂಬಂಧದ ಮಾತು ಇನ್ನು ನಾನಾಗಿ ಎತ್ತುವುದಿಲ್ಲ. ನಿನಗೆ ಬೇಕೆನಿಸಿದಾಗ ಫೋನ್ ಮಾಡು." ಉತ್ತರ ಕೇಳಬಾರದು, ಎರಡನೇ ಕಾಗದ ಹಾಕಬಾರದು ಎಂದು ಒಪ್ಪಿಸಿದೆ. ಹಳೆಯ ಮೆಸೇಜುಗಳನ್ನು ದಿನವೂ ತೆರೆದು ನೋಡಬೇಡಿ ಎಂದೂ ಹೇಳಿದೆ. ಬ್ಲಾಕ್ ಇದ್ದಾಗ ಕಳಿಸಿದ್ದು, ಬ್ಲಾಕ್ ತೆಗೆದ ಮೇಲೂ ಮುಟ್ಟುವುದಿಲ್ಲ.

ಐದನೇ ವಾರ ಮಗಳೇ ಫೋನ್ ಮಾಡಿದಳಂತೆ, ಅಡಿಕೆ ಕೊಯ್ಲಿನ ವಿಷಯ ಕೇಳಿದಳಂತೆ. ಆ ಹಳೆಯ ಮೆಸೇಜುಗಳ ಪಕ್ಕ ಇವತ್ತಿಗೂ ಒಂದೇ ಟಿಕ್ ಇದೆ.