ಎಸಿಯ ನಾಲ್ಕು ಭಾಗಗಳ ಕೆಲಸ

ಪ್ರಶ್ನೆ: ಹೊರಗೆ 38 ಡಿಗ್ರಿ ಬಿಸಿಲಿದ್ದರೂ ಎಸಿ ರೂಮಿನ ಶಾಖವನ್ನು ಹೊರಗೆ ಹಾಕುವುದು ಹೇಗೆ?

ಗುಟ್ಟಿರುವುದು ಒತ್ತಡದಲ್ಲಿ. ಒತ್ತಡ ಕಡಿಮೆಯಾದಷ್ಟೂ ದ್ರವ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಒಳಗಿನ ಯೂನಿಟ್‌ನ ಇವಾಪೊರೇಟರ್ ಕಾಯಿಲ್‌ನಲ್ಲಿ ಎಸಿಯೊಳಗೆ ಸುತ್ತುವ ಆರ್-32 ಗ್ಯಾಸ್ ದ್ರವರೂಪದಲ್ಲಿ ಬಂದು ಸುಮಾರು 10 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ರೂಮಿನ ಗಾಳಿಯಿಂದ ಎಳೆದುಕೊಳ್ಳುತ್ತದೆ.

ಆ ಆವಿಯನ್ನು ಕಂಪ್ರೆಸರ್ ಒತ್ತಿದಾಗ ಅದು ಹೊರಗಿನ ಗಾಳಿಗಿಂತ ಜಾಸ್ತಿ ಬಿಸಿಯಾಗುತ್ತದೆ. ಈಗ ಆ 38 ಡಿಗ್ರಿ ಗಾಳಿಯೇ ಅದಕ್ಕೆ ತಂಪು, ಅಲ್ವಾ? ಹಾಗಾಗಿ ಹೊರಗಿನ ಯೂನಿಟ್‌ನ ಕಂಡೆನ್ಸರ್‌ನಲ್ಲಿ, ಸುಮಾರು 50 ಡಿಗ್ರಿಯಲ್ಲಿ, ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ.

ಎಕ್ಸ್‌ಪಾನ್ಷನ್ ವಾಲ್ವ್‌ನ ಇಕ್ಕಟ್ಟು ದಾರಿಯನ್ನು ಆ ದ್ರವ ದಾಟಿದ ಕೂಡಲೇ ಅದರ ಒತ್ತಡ ಕುಸಿಯುತ್ತದೆ. ಸ್ವಲ್ಪ ದ್ರವ ಅಲ್ಲೇ ಆವಿಯಾಗಿ ಉಳಿದದ್ದನ್ನು ತಣ್ಣಗಾಗಿಸುತ್ತದೆ. ಸಾದಾ ಎಸಿಗಳಲ್ಲಿ ಈ ಕೆಲಸಕ್ಕೆ ಸಪೂರ ತಾಮ್ರದ ಕ್ಯಾಪಿಲರಿ ಕೊಳವೆ ಅಷ್ಟೇ.

ಫಿಲ್ಟರ್‌ನಲ್ಲಿ ಧೂಳು ಕಟ್ಟಿದರೆ ಇವಾಪೊರೇಟರ್‌ಗೆ ಸಾಕಷ್ಟು ಶಾಖ ಸಿಗದೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಸುಮ್ನೆ ಗ್ಯಾಸ್ ತುಂಬಿಸುವ ಮೊದಲು ಫಿಲ್ಟರ್ ತೊಳೆದು ನೋಡಿ.