ಎರಡನೇ ಪುಟವೇ ಇಲ್ಲ ಅಂತ ಗೊತ್ತಾಗೋ ಕ್ಷಣ

"ಜೆರಾಕ್ಸ್ ಮಾಡುವಾಗ ಪ್ರಶ್ನೆಪತ್ರಿಕೆಯ ಎರಡನೇ ಪುಟ ಬಿಟ್ಟೋಗಿದೆ ಅಂತ ನನ್ನ ಕಥೆಯ ಹುಡುಗಿಗೆ ಹೇಗೆ ಗೊತ್ತಾಗ್ಬೇಕು? ಹಾಳೆ ತಿರುಗಿಸಿದಾಗ ಖಾಲಿ ಇತ್ತು ಅಂತ ಬರೆದ್ರೆ ಸಪ್ಪೆ ಅನ್ಸುತ್ತೆ."

ಖಾಲಿ ಹಿಂಬದಿಯಿಂದ ಅವಳಿಗೆ ಏನೂ ಗೊತ್ತಾಗಲ್ಲ, ಎಷ್ಟೋ ಪೇಪರ್ ಒಂದೇ ಬದಿಗೆ ಇರುತ್ತೆ, ಅದಕ್ಕೇ ಅಂಕದ ಲೆಕ್ಕದಿಂದ ಗೊತ್ತಾಗ್ಲಿ. ಮೇಲ್ಗಡೆ ಒಟ್ಟು ಅಂಕ 50, ಮೂರು ಗಂಟೆ ಅಂತಿದೆ ಅನ್ಕೊಳ್ಳಿ. ಒಂದು ಅಂಕದ್ದು ಹತ್ತು, ಎರಡು ಅಂಕದ್ದು ಆರು, ಸೇರಿಸಿದ್ರೆ ಬರೀ 22. ಅವಳು ಒಂದು ಗಂಟೆಗೇ ಮುಗಿಸಿ ಖುಷಿಯಾಗಿ ಕೂತಿರ್ತಾಳೆ, ಆಮೇಲೆ ಸುಮ್ನೆ ಬಲಗಡೆ ಅಂಚಿನ ಅಂಕ ಕೂಡಿಸ್ತಾಳೆ, ತಪ್ಪಾಯ್ತೇನೋ ಅಂತ ಇನ್ನೊಂದ್ಸಲ ಕೂಡಿಸ್ತಾಳೆ, ಮತ್ತೆ 22. ಆಗ ಸೂಚನೆಯಲ್ಲಿ "ಮೂರು ಭಾಗಗಳಿವೆ" ಅನ್ನೋ ಸಾಲು ಕಣ್ಣಿಗೆ ಬೀಳುತ್ತೆ, ಅವಳ ಕೈಲಿರೋದು ಎರಡೇ.

ಕಾರಣನೂ ಸರಿಯಾಗಿರ್ಲಿ. ಮೂಲ ಪ್ರತಿ ಎರಡೂ ಬದಿಗೆ ಪ್ರಿಂಟ್ ಆಗಿತ್ತು, ಮೆಷಿನ್ ಸೆಟ್ಟಿಂಗ್ ಒಂದು ಬದಿಗಿತ್ತು, ಹಿಂಬದಿ ಸ್ಕ್ಯಾನೇ ಆಗ್ಲಿಲ್ಲ. ಹಾಗಾದ್ರೆ ಎಲ್ರ ಪೇಪರೂ ಹೀಗೇ ಇರುತ್ತೆ, ಪಕ್ಕದವರದ್ದು ಇಣುಕಿ ನೋಡಿದ್ರೂ ಅದೇ. ನಿಮ್ಮ ಕಥೆಯ ಜೀವ ಇಲ್ಲೇ ಇರೋದು ಅಂತ ನನಗನ್ಸುತ್ತೆ: ಇಡೀ ರೂಮ್ ಬರೀತಿದೆ, ಯಾರೂ ಕೈ ಎತ್ತಿಲ್ಲ, ಇವಳಿಗೆ ಮಾತ್ರ ಗೊತ್ತು. ಹೇಳಿದ್ರೆ 28 ಅಂಕದ ದೊಡ್ಡ ಪ್ರಶ್ನೆಗಳು ಎಲ್ರ ತಲೆ ಮೇಲೆ ಬೀಳ್ತವೆ, ಅವಳು ಓದದೇ ಬಿಟ್ಟ ಪಾಠನೂ ಅದ್ರಲ್ಲೇ ಇರ್ಬಹುದು. ಅವಳ ಕೈ ಡೆಸ್ಕ್ ಬಿಟ್ಟು ಮೇಲೇಳೋ ಆ ಅರ್ಧ ನಿಮಿಷಕ್ಕೆ ಒಂದು ಪುಟ ಕೊಡಿ, ಮೆಷಿನ್ ವಿಷ್ಯ ಒಂದೇ ಸಾಲಲ್ಲಿ ಮುಗಿಸಿ.