ಸೈಟ್ ನೋಡಿ ಸುಮ್ಮನಾಗುವ ಗಿರಾಕಿಗಳು

"ಸೈಟ್ ನೋಡ್ತಾರೆ, ಮನೇಲಿ ಮಾತಾಡಿ ಹೇಳ್ತೀವಿ ಅಂತಾರೆ, ಆಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಎಷ್ಟು ದಿನಕ್ಕೊಮ್ಮೆ ಫೋನ್ ಮಾಡಬೇಕು?"

ದಿನ ಎಣಿಸಿ ಮಾಡಬೇಡಿ ಸರ್, ಅವರು ಯಾವುದಕ್ಕೆ ನಿಂತಿದ್ದಾರೆ ಅಂತ ತಿಳ್ಕೊಂಡು ಮಾಡಿ. ಸೈಟ್ ತೋರಿಸಿದ ದಿನವೇ ಕೇಳಿ: ದುಡ್ಡಾ, ದಾಖಲೆಯಾ, ಮನೆಯವರ ಒಪ್ಪಿಗೆಯಾ? ಹೆಸರಿನ ಮುಂದೆ ಅದನ್ನೂ ಮುಂದಿನ ತಾರೀಖನ್ನೂ ಬರೆದಿಡಿ.

ಊರಿನ ಜಮೀನು ಮಾರಿ ಮೈಸೂರಲ್ಲಿ ಸೈಟ್ ತಗೊಳ್ಳೋರನ್ನೇ ನೋಡಿ. ವಾರವಾರ ಫೋನ್ ಮಾಡಿದರೆ ಎತ್ತೋದೇ ಬಿಡ್ತಾರೆ. ಮರುದಿನವೇ ಇಸಿ, ಇ-ಖಾತಾ, ಬಡಾವಣೆ ನಕ್ಷೆ ವಾಟ್ಸಾಪ್ ಮಾಡಿ, ಅವರ ವಕೀಲರು ನೋಡಲಿ. ಆಮೇಲೆ ತಿಂಗಳಿಗೊಮ್ಮೆ ಸಾಕು, ಅದೂ ಹೇಳೋಕೆ ಹೊಸದೇನಾದರೂ ಇದ್ದರೆ: ಪಕ್ಕದ ಸೈಟ್ ಎಷ್ಟಕ್ಕೆ ಹೋಯ್ತು, ನೀರಿನ ಲೈನ್ ಬಂತಾ ಅಂತ. ಜಮೀನಿಗೆ ಅಡ್ವಾನ್ಸ್ ಬಂತು ಅಂದ ದಿನದಿಂದ ವಾರಕ್ಕೊಮ್ಮೆ ಮಾತಾಡಿ, ಅಗ್ರಿಮೆಂಟ್ ಕರಡು ಕಳಿಸಿ.

ಆಷಾಢದಲ್ಲಿ ಒತ್ತಾಯ ಬೇಡ, ಎಷ್ಟೋ ಜನ ಆ ತಿಂಗಳು ಅಡ್ವಾನ್ಸ್ ಕೊಡಲ್ಲ. ಅಷ್ಟರಲ್ಲಿ ವಕೀಲರ ಅಭಿಪ್ರಾಯ, ಬ್ಯಾಂಕ್ ಸಾಲದ ಕೆಲಸ ಮುಗಿಸಿಕೊಂಡರೆ ಶ್ರಾವಣಕ್ಕೆ ನೇರ ಅಗ್ರಿಮೆಂಟ್ ಮಾಡಬಹುದು. ತಾವೇ ಹೇಳಿದ ತಾರೀಖನ್ನು ಎರಡು ಸಲ ಮುಂದೂಡಿದವರಿಗೆ ಹಬ್ಬಕ್ಕೊಂದು ಮೆಸೇಜ್ ಸಾಕು. ಆ ಸಮಯವನ್ನು ದಾಖಲೆ ಕೇಳಿ ಪಡೆದವರಿಗೆ ಕೊಡಿ, ಕೊಳ್ಳುವ ಮನಸ್ಸಿರೋದು ಅವರಿಗೇ.